ಆರು ಜಿಲ್ಲೆಗೆ ‘ಸೋಲ್’ ಕೇಳಿದ ಡಿಸ್ಟ್ರಿಬ್ಯೂಟರ್‌ಗೆ ಇಲ್ಲ ಅಂದಿದ್ದು ಹೇಗೆ, ಬದಲಿಗೆ ಕೊಟ್ಟಿದ್ದೇನು: ಒಂದು ಕಾಫಿಪುಡಿ ಪ್ರಕರಣ

ಹಾಸನ ಕಡೆಯ ಒಂದು ಸಣ್ಣ ಕಾಫಿಪುಡಿ ಕಂಪನಿ. ಹುರಿಯೋ ಮಷಿನ್ ಎರಡು, ಪ್ಯಾಕಿಂಗ್ ಲೈನ್ ಒಂದು, ತಿಂಗಳಿಗೆ ಸುಮಾರು 22 ಲಕ್ಷದ ವ್ಯಾಪಾರ. ಹೆಚ್ಚಿನದೆಲ್ಲ ಹಾಸನ, ಮೈಸೂರು, ಬೆಂಗಳೂರಲ್ಲೇ. ನಡೆಸೋರು ಒಬ್ಬ ಹೆಣ್ಮಗಳು, ಮಾವನ ಕಾಲದ ಅಂಗಡಿನ ಬ್ರ್ಯಾಂಡ್ ಮಾಡಿದೋರು. ನಾನು ಅವರಿಗೆ ಸೇಲ್ಸ್ ವಿಷಯದಲ್ಲಿ ಸಲಹೆ ಕೊಡ್ತಿದ್ದೆ, ಅದಕ್ಕೇ ಈ ಕಥೆ ಪೂರ್ತಿ ಗೊತ್ತು. ಹೆಸರು ಯಾರದ್ದೂ ಹಾಕಲ್ಲ, ಅಂಕಿಗಳನ್ನ ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ರೌಂಡ್ ಮಾಡಿದ್ದೀನಿ, ಒಂದಕ್ಕೊಂದರ ಅನುಪಾತ ಮಾತ್ರ ಹಾಗೇ ಇಟ್ಟಿದ್ದೀನಿ.

ಇವರಿಗೆ ಹುಬ್ಬಳ್ಳಿಲಿ ಒಬ್ರು ಡಿಸ್ಟ್ರಿಬ್ಯೂಟರ್ ಇದ್ರು. ಒಳ್ಳೆ ಪಾರ್ಟಿ. ಬಿಸ್ಕತ್ತು, ಸೋಪು, ಉಪ್ಪಿನಕಾಯಿ ಹೀಗೆ ಐದಾರು ಕಂಪನಿ ಏಜೆನ್ಸಿ ಇಟ್ಕೊಂಡಿರೋ ಹಳೇ ಕೈ. ಕಾಫಿಪುಡಿ ಶುರು ಮಾಡಿದಾಗ ತಿಂಗಳಿಗೆ ಒಂದು ಲಕ್ಷನೂ ಹೋಗ್ತಿರಲಿಲ್ಲ, ಯಾಕಂದ್ರೆ ಆ ಕಡೆ ಮನೆಗಳಲ್ಲಿ ಚಹಾನೇ ಜೋರು, ಕಾಫಿ ಏನಿದ್ರೂ ದಕ್ಷಿಣದಿಂದ ಬಂದು ನೆಲೆಸಿರೋ ರೈಲ್ವೆ, ಬ್ಯಾಂಕು, ಕಾಲೇಜಿನೋರ ಮನೆ ಮತ್ತೆ ಹೋಟೆಲು. ಅಂಥಾ ಜಾಗದಲ್ಲಿ ಒಂದು ವರ್ಷದಲ್ಲಿ ಅವರು ಅದನ್ನ ನಾಲ್ಕು ಲಕ್ಷಕ್ಕೆ ತಂದಿದ್ರು. ಇದು ಸಣ್ಣ ಮಾತಲ್ಲ.

ಜನವರಿಲಿ ಅವರಿಂದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬಂತು. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಆರು ಜಿಲ್ಲೆಗೆ ಮೂರು ವರ್ಷ ಸೋಲ್ ಡಿಸ್ಟ್ರಿಬ್ಯೂಟರ್ ಅಂತ ಅಗ್ರಿಮೆಂಟ್ ಮಾಡ್ಕೊಡಿ, ಬೇರೆ ಯಾರಿಗೂ ಮಾಲು ಹೋಗಬಾರದು, ಸೂಪರ್‌ಮಾರ್ಕೆಟ್‌ಗಾಗ್ಲಿ ಆನ್‌ಲೈನ್‌ಗಾಗ್ಲಿ ಹೋದ್ರೂ ನಮ್ಮ ಮೂಲಕಾನೇ ಹೋಗ್ಬೇಕು, ಅದಕ್ಕೆ ಪ್ರತಿಯಾಗಿ ಮೂರು ತಿಂಗಳಿಗೊಮ್ಮೆ 12 ಲಕ್ಷದ ಮಾಲಿಗೆ ಮುಂಗಡ ಆರ್‌ಟಿಜಿಎಸ್ ಮಾಡ್ತೀವಿ ಅಂತ. ಕೊನೇಲಿ ಒಂದು ಸಾಲು, ಸೇಲ್ಸನ್ನು ತಿಂಗಳಿಗೆ ಆರು ಲಕ್ಷಕ್ಕೆ ತರಲು ಪ್ರಯತ್ನಿಸಲಾಗುವುದು. ‘ಪ್ರಯತ್ನಿಸಲಾಗುವುದು’ ಅಂತ ಬರೆದ್ರೆ ತಪ್ಪಿದ ದಿನ ಯಾರನ್ನ ಕೇಳೋದು ಹೇಳಿ, ನಾನಂತೂ ಪತ್ರದಲ್ಲಿ ಮೊದಲು ಗೆರೆ ಎಳೆದಿದ್ದು ಅದರ ಕೆಳಗೇನೇ.

ಆದ್ರೆ ಮೇಡಂಗೆ ಆಸೆ ಆಗಿದ್ದು ಸಹಜ. ಜನವರಿಯಿಂದ ಮಾರ್ಚ್ ಅಂದ್ರೆ ರೋಬಸ್ಟಾ ಕೊಯ್ಲು, ಅರೇಬಿಕಾ ಅಷ್ಟೊತ್ತಿಗೆ ಮುಗಿದು ಮಾರಾಟಕ್ಕೆ ಬಂದಿರುತ್ತೆ, ಬೀಜ ತಗೊಳ್ಳೋಕೆ ಕೈಯಲ್ಲಿ ದುಡ್ಡು ಬೇಕಾಗೋದು ಸರಿಯಾಗಿ ಆಗ್ಲೇ. 2024ರಲ್ಲಿ ರೋಬಸ್ಟಾ ರೇಟು ದಶಕಗಳಲ್ಲಿ ಕಾಣದ ಮಟ್ಟಕ್ಕೆ ಹೋದ್ಮೇಲೆ ಸಣ್ಣ ರೋಸ್ಟರ್‌ಗಳಿಗೆಲ್ಲ ಅದೇ ಪ್ರಮಾಣದ ಬೀಜ ಕೊಳ್ಳೋಕೆ ಬೇಕಾದ ಬಂಡವಾಳ ಎಲ್ಲಿಂದೆಲ್ಲಿಗೋ ಏರಿತ್ತು. ಅಂಥಾ ಟೈಮಲ್ಲಿ ಯಾರೋ 12 ಲಕ್ಷ ಮುಂಗಡ ಕೊಡ್ತೀನಿ ಅಂದ್ರೆ ಪತ್ರದ ಮಿಕ್ಕ ಸಾಲು ಕಣ್ಣಿಗೇ ಬೀಳಲ್ಲ.

ನಾವು ಮೊದಲು ಆ 12 ಲಕ್ಷನೇ ಬಿಡಿಸಿ ನೋಡಿದ್ವಿ. ಇಲ್ಲಿ ಪ್ರೈಮರಿ, ಸೆಕೆಂಡರಿ ಅನ್ನೋ ಎರಡು ಲೆಕ್ಕ ಬೇರೆ ಬೇರೆ ಇಟ್ಕೋಬೇಕು. ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಬಿಲ್ ಮಾಡಿದ್ದು ಪ್ರೈಮರಿ, ಡಿಸ್ಟ್ರಿಬ್ಯೂಟರ್ ಅಂಗಡಿಗಳಿಗೆ ಬಿಲ್ ಮಾಡಿದ್ದು ಸೆಕೆಂಡರಿ. ಹುಬ್ಬಳ್ಳಿ ಸೆಕೆಂಡರಿ ತಿಂಗಳಿಗೆ ನಾಲ್ಕು ಲಕ್ಷ. ಅಂದ್ರೆ 12 ಲಕ್ಷದ ಮಾಲು ಒಂದೇ ಸಲ ಹೋದ್ರೆ ಕೊನೆ ಬಾಕ್ಸ್ ಗೋಡೌನ್ ಬಿಡೋಕೆ ಮೂರು ತಿಂಗಳು, ಅಲ್ಲಿಂದ ಅಂಗಡಿ ರ‍್ಯಾಕಲ್ಲಿ ಇನ್ನೊಂದು ಮೂರ್ನಾಲ್ಕು ವಾರ. ಪ್ಯಾಕೆಟ್ ಮೇಲೆ ಆರು ತಿಂಗಳು ಅಂತ ಹಾಕಿರ್ತಾರೆ ನಿಜ, ಆದ್ರೆ ಪುಡಿ ಮಾಡಿದ ಕಾಫಿ ವಿಷಯ ಗೊತ್ತಿರೋರಿಗೆ ಗೊತ್ತು, ಬೀಜ ಒಡೆದ ಕ್ಷಣದಿಂದ ಗಾಳಿ ತಾಕೋ ಮೈ ಜಾಸ್ತಿ ಆಗಿ ಘಮ ಹೋಗ್ತಾ ಇರುತ್ತೆ, ಸಾದಾ ಪೌಚ್‌ನಲ್ಲಿ ನಾಲ್ಕು ತಿಂಗಳು ಕೂತ ಪುಡಿ ಕೆಟ್ಟಿರಲ್ಲ ಆದ್ರೆ ಡಿಕಾಕ್ಷನ್ ಮಂಕಾಗಿ ಬರುತ್ತೆ. ಮೊದಲ ಸಲ ತಗೊಂಡ ಹುಬ್ಬಳ್ಳಿ ಗಿರಾಕಿ ಅದನ್ನ ಹಳೇ ಸ್ಟಾಕು ಅನ್ನಲ್ಲ, ಈ ಬ್ರ್ಯಾಂಡೇ ಹೀಗೆ ಅಂತಾನೆ. ಜೊತೆಗೆ ಡೇಟ್ ಹತ್ರ ಬಂದ ಮಾಲು ವಾಪಸ್ ಬರೋದು ಕಂಪನಿ ತಲೆ ಮೇಲೆ. ಹಾಗಾಗಿ ಆ 12 ಲಕ್ಷ ಕಂಪನಿಗೆ ಸೇಲಾದ ಹಾಗೆ ಕಾಣುತ್ತೆ, ಆದ್ರೆ ಮೊದಲ ತಿಂಗಳು ಅಂಗಡಿಗೆ ಹೋಗೋ ನಾಲ್ಕು ಬಿಟ್ರೆ ಮಿಕ್ಕ ಎಂಟು ಲಕ್ಷ ಬರೀ ಜಾಗ ಬದಲಾಯಿಸಿದ ಸ್ಟಾಕು, ಹಾಸನದಲ್ಲಿದ್ದಿದ್ದು ಹುಬ್ಬಳ್ಳಿಗೆ ಹೋಗಿ ಕೂತಿದೆ ಅಷ್ಟೇ.

ಎರಡನೇದು ಸೇಲ್ಸ್‌ಮನ್ ಲೆಕ್ಕ. ಇದನ್ನ ಯಾರೂ ಮಾಡಲ್ಲ, ನಂಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ. ಅವರ ಹತ್ರ ನಮ್ಮ ಮಾಲು ಹಿಡ್ಕೊಂಡು ಬೀಟ್ ಹೋಗೋ ಹುಡುಗರು ಮೂರು ಜನ. ಒಬ್ಬ ದಿನಕ್ಕೆ 40 ಅಂಗಡಿ ಮಾಡ್ತಾನೆ ಅಂದ್ಕೊಳ್ಳಿ, ಅದೂ ಪೇಟೆ ಒಳಗೆ ಅಂಗಡಿಗಳು ಒತ್ತೊತ್ತಾಗಿ ಇದ್ರೆ. ವಾರಕ್ಕೆ ಆರು ದಿನ, 240 ಅಂಗಡಿ. ಮೂರು ಜನ ಸೇರಿ 720. ವಾರಕ್ಕೊಮ್ಮೆ ಮುಖ ತೋರಿಸೋ ಹಾಗಿದ್ರೆ ಅವರ ಪೂರ್ತಿ ಶಕ್ತಿ ಇಷ್ಟೇ. ಬಿಲ್ಲಿಂಗ್ ರಿಪೋರ್ಟ್ ತರಿಸಿ ನೋಡಿದ್ರೆ ಆ ತಿಂಗಳು ನಮ್ಮ ಒಂದಾದ್ರೂ ಪ್ಯಾಕೆಟ್ ಬಿಲ್ಲಾದ ಅಂಗಡಿ 430, ಎಲ್ಲಾ ಹುಬ್ಬಳ್ಳಿ, ಧಾರವಾಡ, ಇನ್ನೊಂದಿಷ್ಟು ಕಲಘಟಗಿ, ಕುಂದಗೋಳ, ನವಲಗುಂದ. ಬಾಗಲಕೋಟೆ ಸೊನ್ನೆ. ವಿಜಯಪುರ ಸೊನ್ನೆ, ಅದು ಹುಬ್ಬಳ್ಳಿಯಿಂದ ಸುಮಾರು 200 ಕಿಲೋಮೀಟರು, ಅಲ್ಲಿಗೆ ಬೀಟ್ ಗಾಡಿ ಹೋಗೋ ಮಾತೇ ಇಲ್ಲ. ಅಂದ್ರೆ ಅವರು ಕೇಳ್ತಿರೋ ಆರು ಜಿಲ್ಲೆಲಿ ಐದು ಜಿಲ್ಲೆ ಮಾರೋಕಲ್ಲ, ಬೀಗ ಹಾಕಿಡೋಕೆ. ಅವರ ಮನಸ್ಸು ಕೆಟ್ಟದ್ದು ಅಂತಲ್ಲ, ಪಕ್ಕದ ಜಿಲ್ಲೆಲಿ ಬೇರೆಯೋರು ಬಂದು ಕೂತ್ರೆ ಅಲ್ಲಿಂದ ಕಮ್ಮಿ ರೇಟಿಗೆ ಮಾಲು ನಮ್ಮ ಪೇಟೆಗೆ ನುಗ್ಗುತ್ತೆ ಅನ್ನೋ ಹೆದರಿಕೆಗೆ ಸುತ್ತ ಬೇಲಿ ಬೇಕಿತ್ತು.

ಮೂರನೇದಾಗಿ, ಕಂಪನಿ ಆಗ್ಲೇ ಬೇರೆಯೋರಿಗೆ ಮಾತು ಕೊಟ್ಟಾಗಿತ್ತು. ಬೆಳಗಾವಿಲಿ ಒಬ್ಬ ಹೋಲ್‌ಸೇಲರ್ ಸಣ್ಣದಾಗಿ ತಗೊಳ್ತಿದ್ದ, ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್ ಚೈನ್‌ಗೆ ಹುಬ್ಬಳ್ಳಿ ಅಂಗಡಿನೂ ಸೇರಿಸಿ ಸಪ್ಲೈ ಅಗ್ರಿಮೆಂಟ್ ಇತ್ತು, ಕಂಪನಿ ವೆಬ್‌ಸೈಟಿಂದ ಎಲ್ಲಾ ಪಿನ್‌ಕೋಡಿಗೂ ಪಾರ್ಸೆಲ್ ಹೋಗ್ತಿತ್ತು. ಆರು ಜಿಲ್ಲೆ ಸೋಲ್ ಅಂತ ಸಹಿ ಹಾಕಿದ ದಿನವೇ ಮೂರು ಕಡೆ ಮಾತು ಮುರಿದ ಹಾಗೆ.

ಕಾನೂನಿನ ಬಗ್ಗೆ ಒಂದೆರಡು ಮಾತು, ಯಾಕಂದ್ರೆ ಮೇಡಂ ಅಣ್ಣ ಯಾರೋ “ಎಕ್ಸ್‌ಕ್ಲೂಸಿವ್ ಕೊಡೋದೇ ಇಲ್ಲೀಗಲ್ಲು, ಹಾಗೇ ಹೇಳ್ಬಿಡು” ಅಂದಿದ್ರಂತೆ. ಅದು ತಪ್ಪು. 2002ರ ಕಾಂಪಿಟಿಷನ್ ಆಕ್ಟ್‌ನ ಸೆಕ್ಷನ್ 3(4) ಇಂಥಾ ಒಪ್ಪಂದಗಳ ಬಗ್ಗೆ ಮಾತಾಡುತ್ತೆ, ಆದ್ರೆ ಅವನ್ನ ತಾನಾಗೇ ರದ್ದು ಅನ್ನಲ್ಲ, ಮಾರ್ಕೆಟ್‌ನಲ್ಲಿ ಸ್ಪರ್ಧೆಗೆ ಗಣನೀಯ ಪೆಟ್ಟು ಬೀಳುತ್ತಾ ಅಂತ ನೋಡುತ್ತೆ, 22 ಲಕ್ಷದ ಕಂಪನಿಯಿಂದ ಯಾವ ಪೆಟ್ಟು. ಕಾಂಟ್ರಾಕ್ಟ್ ಆಕ್ಟ್‌ನ ಸೆಕ್ಷನ್ 27 ವ್ಯಾಪಾರಕ್ಕೆ ತಡೆ ಹಾಕೋ ಒಪ್ಪಂದ ನಡೆಯಲ್ಲ ಅನ್ನುತ್ತೆ, ಆದ್ರೆ ಒಪ್ಪಂದ ಚಾಲ್ತಿಲಿರೋವಷ್ಟು ಕಾಲ ಇರೋ ಇಂಥಾ ಷರತ್ತನ್ನ ಸಾಮಾನ್ಯವಾಗಿ ಆ ತಡೆ ಅಂತ ಎಣಿಸಲ್ಲ, 1995ರಲ್ಲಿ ಗುಜರಾತ್ ಬಾಟ್ಲಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ. ಹಾಗಾಗಿ ‘ಕಾನೂನು ಬಿಡಲ್ಲ’ ಅನ್ನೋದು ಸುಳ್ಳು ನೆಪ, ಆ ಡಿಸ್ಟ್ರಿಬ್ಯೂಟರ್ ಬೇರೆ ಎರಡು ಕಂಪನಿಗೆ ಆಗ್ಲೇ ಸೋಲ್ ಇದ್ರು, ಹೇಳಿದ್ರೆ ನಕ್ಕುಬಿಡ್ತಿದ್ರು. ನಿಜ ಕಾರಣನೇ ಹೇಳ್ಬೇಕಿತ್ತು.

ಹೇಳೋಕೆ ಮುಂಚೆ ಅವರಿಗೆ ಒಳಗೆ ಏನು ಚಿಂತೆ ಅಂತ ತಿಳ್ಕೊಬೇಕಿತ್ತು. ಸೋಲ್ ಕೇಳೋ ಡಿಸ್ಟ್ರಿಬ್ಯೂಟರ್‌ಗೆ ಆ ಪದ ಬೇಕಾಗಿರಲ್ಲ, ಯಾವುದೋ ಒಂದು ನಷ್ಟದಿಂದ ರಕ್ಷಣೆ ಬೇಕಾಗಿರುತ್ತೆ. ಯಾವ ನಷ್ಟ ಅಂತ ಗೊತ್ತಾದ್ರೆ ಅದಕ್ಕೆ ಅಷ್ಟೇ ಅಳತೆಯ ಮದ್ದು ಕೊಡಬಹುದು. ಹುಬ್ಬಳ್ಳಿಗೇ ಹೋಗಿ ಅವರ ಅಂಗಡಿಲಿ ಕೂತ್ವಿ. ಮೇಡಂ ನೇರವಾಗಿ ಕೇಳಿದ್ರು, ಸರ್, ಸೋಲ್ ಕೊಡ್ಲಿಲ್ಲ ಅಂದ್ರೆ ನಿಮಗೆ ಏನಾಗುತ್ತೆ ಅನ್ನೋ ಭಯ ಇದೆ ಅದನ್ನ ಹೇಳಿ ಅಂತ.

“ನೋಡ್ರಿ ಅಕ್ಕಾರ, ಈಗ ಪ್ಯಾಟಿಯೊಳಗ ನಂದು ಎರಡು ಲಕ್ಷ ಉದ್ರಿ ನಿಂತೈತಿ. ಅಂಗಡಿ ಅಂಗಡಿಗೆ ಹೋಗಿ, ಒಂದು ಡಜನ್ ಇಟ್ಕೋರಿ, ಹೋಗ್ಲಿಲ್ಲಂದ್ರ ವಾಪಸ್ ತಗೋತೀನಿ ಅಂತ ಕೈಕಾಲು ಹಿಡದು ಮಾಲ್ ಇಡಿಸೀನಿ. ನಾಳೆ ನೀವು ಇನ್ನೊಬ್ಬಂಗ ಕೊಟ್ರ ಅಂವ ಬಂದು ಒಂದ್ ಪರ್ಸೆಂಟ್ ಕಮ್ಮಿ ಮಾಡಿ ನನ್ನ ಗಿರಾಕಿ ಎಲ್ಲಾ ಹೊಡ್ಕೊಂಡ್ ಹೋಗ್ತಾನ. ಅದೊಂದಾತು. ಅಲ್ಲಿ ಸೂಪರ್‌ಮಾರ್ಕೆಟ್‌ನ್ಯಾಗ ನಿಮ್ಮ ಪ್ಯಾಕೆಟ್ ನನ್ನ ಅಂಗಡಿಯಂವ ಕೊಳ್ಳೋ ರೇಟ್‌ಕಿಂತ ಕಮ್ಮಿಗೆ ಮಾರಾಕತ್ತಾರ, ಅಂಗಡಿಯಂವ ನನ್ನ ಮಾರಿ ನೋಡಿ ಬೈತಾನ. ಮ್ಯಾಲೆ ಇನ್ನೊಂದು, ನಾ ಇದನ್ನ ಹತ್ತು ಲಕ್ಷಕ್ಕ ಒಯ್ದ ಮ್ಯಾಲೆ ನೀವು ದೊಡ್ಡ ಪಾರ್ಟಿ ಸಿಕ್ತು ಅಂತ ನನ್ನ ಕೈ ಬಿಟ್ರ? ಹಿಂದಕ ಒಂದು ಕಂಪನಿಯವರು ಹಂಗ ಮಾಡ್ಯಾರ್ರಿ ನನಗ.”

ಮೂರು ಮಾತು, ಮೂರೂ ನಿಜವಾದ ಭಯ. ಸೂಪರ್‌ಮಾರ್ಕೆಟ್ ರೇಟಿನ ಗಲಾಟೆ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ, 2022ರ ಜನವರಿಲಿ ಮಹಾರಾಷ್ಟ್ರದ ಡಿಸ್ಟ್ರಿಬ್ಯೂಟರ್‌ಗಳು ದೊಡ್ಡ ಆನ್‌ಲೈನ್ ಹೋಲ್‌ಸೇಲ್ ಕಂಪನಿಗಳಿಗೆ ನಮಗಿಂತ ಕಮ್ಮಿ ರೇಟು ಯಾಕೆ ಅಂತ ಕೋಲ್ಗೇಟ್‌ನ ಕೆಲವು ಮಾಲು ಎತ್ತೋದನ್ನೇ ನಿಲ್ಲಿಸಿದ್ರು. ಗಮನಿಸಿ, ಈ ಮೂರು ಭಯದಲ್ಲಿ ಒಂದಕ್ಕೂ ವಿಜಯಪುರ ಬೇಕಾಗಿಲ್ಲ.

ಈಗ ಇಲ್ಲ ಅನ್ನೋದು. ಮೇಡಂಗೆ ‘ಮುಂದೆ ನೋಡೋಣ ಸರ್’ ಅಂದು ಬರೋ ಮನಸ್ಸಿತ್ತು, ನಮ್ಮ ಕಡೆ ಇಲ್ಲ ಅನ್ನೋಕೆ ಎಲ್ಲರೂ ಬಳಸೋ ಮಾತೇ ಅದು. ನಾನು ಬೇಡ ಅಂದೆ. ‘ನೋಡೋಣ’ ಅಂದ್ರೆ ಕೇಳಿದೋರಿಗೆ ಅರ್ಧ ಹೌದು. ಅವರು ಮಾರನೇ ದಿನದಿಂದ ಪೇಟೆಲಿ ನಾನೇ ಸೋಲ್ ಅಂತ ಹೇಳೋಕೆ ಶುರು ಮಾಡ್ತಾರೆ, ಆ ನಂಬಿಕೆಲಿ ಇನ್ನೊಂದು ಹುಡುಗನ್ನ ಕೆಲಸಕ್ಕೆ ತಗೊಳ್ತಾರೆ, ಆರು ತಿಂಗಳಾದ್ಮೇಲೆ ಇಲ್ಲ ಅಂದ್ರೆ ಆಗ ನಿಜವಾಗ್ಲೂ ಮೋಸ ಆದ ಹಾಗೆ. ಇಲ್ಲ ಅನ್ನೋದಿದ್ರೆ ಮೊದಲನೇ ಐದು ನಿಮಿಷದಲ್ಲೇ, ಏನಕ್ಕೆ ಇಲ್ಲ ಅನ್ನೋದನ್ನ ಸ್ಪಷ್ಟ ಮಾಡಿ, ಆಮೇಲೆ ಏನು ಕೊಡಬಹುದು ಅನ್ನೋದಕ್ಕೆ ಮಿಕ್ಕ ಒಂದು ಗಂಟೆ.

ಮೇಡಂ ಹೇಳಿದ್ದು ಹೆಚ್ಚುಕಮ್ಮಿ ಹೀಗೆ: “ಸರ್, ಆರು ಜಿಲ್ಲೆ ಸೋಲ್ ಕೊಡಕ್ಕಾಗಲ್ಲ. ಇವತ್ತೂ ಇಲ್ಲ, ಮುಂದಿನ ವರ್ಷ ಕೊಡ್ತೀನಿ ಅಂತ್ಲೂ ಹೇಳಲ್ಲ. ಬೆಳಗಾವಿಯವರಿಗೆ, ಸೂಪರ್‌ಮಾರ್ಕೆಟ್‌ನವರಿಗೆ ಆಗ್ಲೇ ಮಾತು ಕೊಟ್ಟಿದ್ದೀನಿ, ನಿಮಗೋಸ್ಕರ ಅವರ ಮಾತು ಮುರಿದ್ರೆ ನಾಳೆ ಇನ್ಯಾರಿಗೋಸ್ಕರನೋ ನಿಮ್ಮ ಮಾತೂ ಮುರೀತೀನಿ ಅಂತ ನಿಮಗೇ ಅನ್ಸುತ್ತೆ. ಆದ್ರೆ ನೀವು ಹೇಳಿದ ಮೂರು ವಿಷಯಕ್ಕೆ ಒಂದೊಂದಕ್ಕೂ ಬರವಣಿಗೆಲಿ ಏನಾದ್ರೂ ಕೊಡ್ತೀನಿ.” ಅವರ ಮುಖ ಗಂಟಾಗಿತ್ತು. ಚಹಾ ತರಿಸಿದ್ರು, ಕಾಫಿ ಕಂಪನಿಯೋರಿಗೆ ಚಹಾ, ಹುಬ್ಬಳ್ಳಿ ತಾನೆ. ಆದ್ರೆ ಎದ್ದು ಹೋಗ್ಲಿಲ್ಲ.

ಮೊದಲ ಭಯಕ್ಕೆ ಕೊಟ್ಟಿದ್ದು ಊರಿಗೆ ಸೀಮಿತವಾದ ರಕ್ಷಣೆ. ಹುಬ್ಬಳ್ಳಿ ಧಾರವಾಡ ಪಾಲಿಕೆ ವ್ಯಾಪ್ತಿ, ಜೊತೆಗೆ ಅವರು ಆಗ್ಲೇ ಗಾಡಿ ಕಳಿಸ್ತಿರೋ ಮೂರು ತಾಲ್ಲೂಕು. ಅಲ್ಲಿ ಕಿರಾಣಿ ಅಂಗಡಿಗಳಿಗೆ 12 ತಿಂಗಳು ಎರಡನೇ ಡಿಸ್ಟ್ರಿಬ್ಯೂಟರ್ ಹಾಕಲ್ಲ. ಇದೂ ಒಂಥರಾ ಸೋಲ್ ತಾನೆ ಅಂದ್ರೆ ಹೌದು, ಆದ್ರೆ ಕಾಲಿಗೆ ತಕ್ಕ ಚಪ್ಪಲಿ ಅಷ್ಟೇ, ಅವರ ಸೇಲ್ಸ್‌ಮನ್ ಎಲ್ಲಿವರೆಗೆ ನಡೀತಾನೋ ಅಲ್ಲಿವರೆಗೆ. ಅದಕ್ಕೆ ಷರತ್ತು ಎರಡು: ಆರನೇ ತಿಂಗಳ ಕೊನೆಗೆ ಬಿಲ್ಲಾಗೋ ಅಂಗಡಿ 600 ಆಗಬೇಕು, ಆ ಹಿಂದಿನ ಮೂರು ತಿಂಗಳ ಸೆಕೆಂಡರಿ ಸರಾಸರಿ ಐದು ಲಕ್ಷ ಇರಬೇಕು. ಎರಡನ್ನೂ ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ರಿಪೋರ್ಟಿಂದಲೇ ನೋಡೋದು, ತಿಂಗಳ ಐದನೇ ತಾರೀಕಿನೊಳಗೆ ಕಳಿಸಬೇಕು. ಟಾರ್ಗೆಟ್ ಪ್ರೈಮರಿ ಮೇಲೆ ಇಡಲೇ ಇಲ್ಲ, ಇಟ್ಟಿದ್ರೆ ತಿಂಗಳ ಕೊನೇಲಿ ಮಾಲು ಎತ್ತಿ ಗೋಡೌನ್ ತುಂಬಿಸಿ ಟಾರ್ಗೆಟ್ ಮುಟ್ಟಿದ್ದೀನಿ ಅನ್ನಬಹುದಿತ್ತು, ಮತ್ತೆ ಅದೇ ಹಳಸಲು ಪುಡಿ ಕಥೆ. ಏನೇನು ಇದರಲ್ಲಿ ಸೇರಲ್ಲ ಅನ್ನೋದನ್ನೂ ಹೆಸರು ಹಿಡಿದು ಬರೆದ್ವಿ: ಸೂಪರ್‌ಮಾರ್ಕೆಟ್, ಕಂಪನಿ ವೆಬ್‌ಸೈಟ್, ಕಂಪನಿ ನೇರ ಬಿಲ್ ಮಾಡ್ತಿದ್ದ ಎರಡು ಹೋಟೆಲ್. ಇದನ್ನ ಬಿಟ್ರೆ ಆಮೇಲೆ ಜಗಳ ಗ್ಯಾರಂಟಿ.

ಸೂಪರ್‌ಮಾರ್ಕೆಟ್ ವಿಷಯಕ್ಕೆ ಬಿಲ್ ಕಂಪನಿದೇ, ಆದ್ರೆ ಹುಬ್ಬಳ್ಳಿ ಅಂಗಡಿಗೆ ಮಾಲು ತಲುಪಿಸೋದು, ರ‍್ಯಾಕ್ ತುಂಬಿಸೋದು, ಡ್ಯಾಮೇಜ್ ವಾಪಸ್ ತರೋದು ಇವರ ಕೆಲಸ, ಅದಕ್ಕೆ ಬಿಲ್ ಮೊತ್ತದ ಮೂರು ಪರ್ಸೆಂಟ್ ಸರ್ವಿಸ್ ಚಾರ್ಜ್. ಉದ್ರಿ ಅವರ ತಲೆ ಮೇಲಿಲ್ಲ, ಬಂಡವಾಳನೂ ಹಾಕ್ಬೇಕಾಗಿಲ್ಲ. ಆದ್ರೆ ಅವರು ಕೇಳಿದ್ದು ಸೂಪರ್‌ಮಾರ್ಕೆಟ್ ಕಮ್ಮಿಗೆ ಮಾರದ ಹಾಗೆ ಮಾಡಿ ಅಂತ. ಅದನ್ನ ಕೊಡಲಿಲ್ಲ, ಕೊಡಬಾರದು ಕೂಡ. ಕೊಂಡೋರು ಇಷ್ಟಕ್ಕಿಂತ ಕಮ್ಮಿಗೆ ಮರುಮಾರಾಟ ಮಾಡಬಾರದು ಅಂತ ಕಟ್ಟು ಹಾಕೋದು ಅದೇ ಸೆಕ್ಷನ್ 3(4)ರಲ್ಲಿ ಬೇರೆಯಾಗೇ ಹೆಸರಿಸಿರೋ ವಿಷಯ, ಎಂಆರ್‌ಪಿಗಿಂತ ಮೇಲೆ ಮಾರಬಾರದು ಅಷ್ಟೇ, ಕೆಳಗೆ ಮಾರೋದು ಅವರಿಷ್ಟ. ಕಂಪನಿ ತನ್ನ ಕೈಲಿರೋದಕ್ಕೆ ಮಾತ್ರ ಮಾತು ಕೊಡಬಹುದು. ಹಾಗಾಗಿ ಎರಡು ಮಾತು ಕೊಟ್ರು: ಸ್ವಂತ ವೆಬ್‌ಸೈಟಲ್ಲಿ 200 ಗ್ರಾಂ ಪ್ಯಾಕೆಟನ್ನ ಹುಬ್ಬಳ್ಳಿ ಕಿರಾಣಿಯವನು ಕೊಳ್ಳೋ ರೇಟಿಗಿಂತ ಕಮ್ಮಿಗೆ ಮಾರಲ್ಲ, ಮತ್ತೆ ಸೂಪರ್‌ಮಾರ್ಕೆಟ್‌ಗೆ ಕಂಪನಿ ಖರ್ಚಲ್ಲಿ ಸ್ಕೀಮ್ ಕೊಟ್ರೆ ಅದೇ ತಿಂಗಳು ಕಿರಾಣಿಗೂ ಅದಕ್ಕೆ ಸಮನಾದ ಸ್ಕೀಮ್ ಕೊಡ್ತೀವಿ.

ಕೈ ಬಿಡೋ ಭಯಕ್ಕೆ ಮೂರು ವರ್ಷದ ಅಗ್ರಿಮೆಂಟ್ ಬದಲು ಬಿಡೋ ರೀತಿನ ಬರೆದು ಕೊಟ್ವಿ. ಯಾರೇ ನಿಲ್ಲಿಸಿದ್ರೂ 90 ದಿನದ ನೋಟಿಸ್. ಕಂಪನಿ ನಿಲ್ಲಿಸಿದ್ರೆ ಮೂರು ತಿಂಗಳಿಗಿಂತ ಜಾಸ್ತಿ ಆಯುಷ್ಯ ಉಳಿದಿರೋ, ಒಡೆಯದ ಬಾಕ್ಸನ್ನೆಲ್ಲ ಬಿಲ್ ರೇಟಿಗೇ ವಾಪಸ್ ತಗೊಳ್ಳುತ್ತೆ, ಪೇಟೆ ಉದ್ರಿ ವಸೂಲಾಗೋವರೆಗೆ, ಗರಿಷ್ಠ 60 ದಿನ, ಹೊಸಬರನ್ನ ಹಾಕಲ್ಲ. ಆ ಕೊನೇ ಸಾಲಿನ ಬೆಲೆ ಡಿಸ್ಟ್ರಿಬ್ಯೂಷನ್ ಮಾಡಿದೋರಿಗೆ ಮಾತ್ರ ಗೊತ್ತು. ಏಜೆನ್ಸಿ ಹೋದ ದಿನವೇ ಅಂಗಡಿಯವನು ಹಳೇ ಬಾಕಿ ಕೊಡೋದು ನಿಲ್ಲಿಸ್ತಾನೆ, ಮಾಲು ತರೋ ಹುಡುಗ ಬೇರೆ, ಇವನಿಗ್ಯಾಕೆ ಕೊಡ್ಲಿ ಅಂತ. ರೇಟು ಮಾತ್ರ ಲಾಕ್ ಮಾಡ್ಲಿಲ್ಲ, ಬೀಜದ ರೇಟು ಇರೋ ಪರಿಸ್ಥಿತಿಲಿ ಅದು ಆತ್ಮಹತ್ಯೆ, 15 ದಿನ ಮುಂಚೆ ಹೇಳಿ ಬದಲಾಯಿಸ್ತೀವಿ ಅಂತ ಇಟ್ವಿ.

ಮಿಕ್ಕ ಜಿಲ್ಲೆಗಳಲ್ಲಿ ಗದಗ, ಹಾವೇರಿ ಎರಡಕ್ಕೆ ಮಾತ್ರ ‘ಮೊದಲು ನಿಮ್ಮನ್ನ ಕೇಳ್ತೀವಿ’ ಅನ್ನೋ ಹಕ್ಕು. ಅಲ್ಲಿ ಡಿಸ್ಟ್ರಿಬ್ಯೂಟರ್ ಹಾಕ್ಬೇಕು ಅನ್ಸಿದಾಗ ಕಂಪನಿ ಮೊದಲು ಇವರಿಗೆ ಬರೀಬೇಕು, 15 ದಿನದಲ್ಲಿ ಎಷ್ಟು ಹುಡುಗರು, ಯಾವ ಬೀಟು, ಯಾವಾಗಿಂದ ಅಂತ ಪ್ಲಾನ್ ಕೊಟ್ರೆ ಇವರಿಗೇ, ಇಲ್ಲಾಂದ್ರೆ ಕಂಪನಿ ಫ್ರೀ. ಅವರು ಇನ್ನೊಂದು ಥರ ಕೇಳಿದ್ರು, ಬೇರೆಯವರು ಏನು ಆಫರ್ ಕೊಟ್ರೂ ಅದನ್ನ ನನಗೆ ತೋರಿಸಿ, ಅದೇ ಷರತ್ತಿಗೆ ನಾನು ತಗೊಳ್ತೀನಿ ಅಂತ. ಕೇಳೋಕೆ ಒಂದೇ ಥರ ಇದೆ ಆದ್ರೆ ಪರಿಣಾಮ ಬೇರೆ. ಯಾವ ಹೊಸ ಪಾರ್ಟಿ ತಾನೆ ಟೈಮ್ ಖರ್ಚು ಮಾಡಿ ಪ್ಲಾನ್ ಮಾಡ್ತಾನೆ, ಕೊನೇಲಿ ಅದನ್ನ ಹುಬ್ಬಳ್ಳಿಯವರಿಗೆ ತೋರಿಸಿ ಅವರಿಗೇ ಕೊಡ್ತಾರೆ ಅಂತ ಗೊತ್ತಿದ್ರೆ? ಅದು ಹಿಂಬಾಗಿಲಿಂದ ಬರೋ ಸೋಲ್. ಇಲ್ಲ ಅಂದ್ವಿ.

ಉತ್ತರ ಕರ್ನಾಟಕಕ್ಕೇ ಅಂತ ಒಂದು ಬೇರೆ ಪ್ಯಾಕ್, ಚಿಕೋರಿ ಜಾಸ್ತಿ ಇರೋ 60:40 ಬ್ಲೆಂಡು, ಅದನ್ನ ನಿಮಗೊಬ್ಬರಿಗೇ ಕೊಡ್ತೀವಿ ಅನ್ನೋ ಆಫರ್ ಕೂಡ ಇಟ್ಟಿದ್ವಿ, ನಂಗೆ ಅದು ಭಾರಿ ಒಳ್ಳೆ ಐಡಿಯಾ ಅನ್ಸಿತ್ತು. ಅವರು ಅರ್ಧ ನಿಮಿಷ ಯೋಚಿಸಿ ಬ್ಯಾಡ್ರಿ ಅಂದ್ರು. ಟಿವಿ ಇಲ್ಲ, ಜಾಹೀರಾತಿಲ್ಲ, ಬಂಧುಗಳು ಬೆಂಗಳೂರಿಂದ ತಂದು ಕುಡಿಸಿದ ಪ್ಯಾಕೆಟನ್ನೇ ಗಿರಾಕಿ ತೋರಿಸಿ ಕೇಳ್ತಾನೆ, ಬಣ್ಣ ಬೇರೆ ಇದ್ರೆ ಡೂಪ್ಲಿಕೇಟ್ ಅಂತಾನೆ ಅಂತ. ಅದು ಅಲ್ಲಿಗೇ ಬಿತ್ತು.

ಉಳಿದಿದ್ದು 12 ಲಕ್ಷ. ಇದನ್ನ ಅವರ ಕ್ಯಾಲ್ಕುಲೇಟರ್‌ನಲ್ಲೇ ಮಾಡಿ ತೋರಿಸಿದ್ವಿ. ಡಿಸ್ಟ್ರಿಬ್ಯೂಟರ್ ಮಾರ್ಜಿನ್ ಎಂಟು ಪರ್ಸೆಂಟ್, ನಾಲ್ಕು ಲಕ್ಷಕ್ಕೆ 32,000. ನಮ್ಮ ಮಾಲಿನ ಪಾಲಿಗೆ ಬರೋ ಸಂಬಳ, ಗಾಡಿ, ಗೋಡೌನು ಎಲ್ಲಾ 22,000. ಉಳಿಯೋದು ತಿಂಗಳಿಗೆ 10,000, ವರ್ಷಕ್ಕೆ 1.2 ಲಕ್ಷ. ಅವರ ಪ್ಲಾನಲ್ಲಿ ಮೂರು ತಿಂಗಳಿಗೊಮ್ಮೆ 12 ಲಕ್ಷದ ಮಾಲು ಬಂದು ಕರಗ್ತಾ ಹೋಗುತ್ತೆ, ಸರಾಸರಿ ಆರು ಲಕ್ಷ ಸ್ಟಾಕಲ್ಲಿ, ಎರಡು ಲಕ್ಷ ಉದ್ರಿಲಿ, ಒಟ್ಟು ಎಂಟು ಲಕ್ಷ ಸಿಕ್ಕಾಕೊಂಡಿರುತ್ತೆ, ಗಳಿಕೆ 15 ಪರ್ಸೆಂಟ್. ಅದರ ಬದಲು ವಾರವಾರ ಮಾಲು ಬಂದ್ರೆ ಸ್ಟಾಕು ಒಂದೂವರೆ ಲಕ್ಷ ಸಾಕು, ಉದ್ರಿ ಸೇರಿ ಮೂರೂವರೆ, ಅದೇ 1.2 ಲಕ್ಷಕ್ಕೆ 34 ಪರ್ಸೆಂಟ್ ಹತ್ರ. ಮಾತಿನ ದಿಕ್ಕು ಬದಲಾಗಿದ್ದು ಇಲ್ಲೇ. ದೊಡ್ಡ ಮೊತ್ತ ತೋರಿಸಿದ್ರೆ ಕಂಪನಿ ಸೋಲ್ ಕೊಡುತ್ತೆ ಅಂತ ಅವರು ಹಾಕಿದ್ದ ಲೆಕ್ಕ ಅದು, ಅವರಿಗೂ ಅದರಲ್ಲಿ ಲಾಭ ಇರಲಿಲ್ಲ. ಮೇಡಂಗೆ ಸೀಸನ್‌ನಲ್ಲಿ ದುಡ್ಡು ಬೇಕಿತ್ತಲ್ಲ, ಅದಕ್ಕೆ ವಾರದ ಆರ್ಡರಿಗೆ ಮುಂಗಡ ಕೊಟ್ರೆ ಒಂದೂವರೆ ಪರ್ಸೆಂಟ್ ಕ್ಯಾಶ್ ಡಿಸ್ಕೌಂಟ್ ಅಂತ ಇಟ್ರು. 12 ಲಕ್ಷ ಸಿಗಲಿಲ್ಲ, ಆದ್ರೆ ಕಂಪನಿ ಹುಬ್ಬಳ್ಳಿಯವರಿಗೆ ಉದ್ರಿ ಕೊಡೋದು ಪೂರ್ತಿ ನಿಂತು ವಾರವಾರ ದುಡ್ಡು ಬರೋಕೆ ಶುರುವಾಯ್ತು. ಬೀಜಕ್ಕೆ ಮಿಕ್ಕಿದ್ದನ್ನ ಬ್ಯಾಂಕ್ ಲಿಮಿಟ್ ಜಾಸ್ತಿ ಮಾಡಿಸ್ಕೊಂಡೇ ಹೊಂದಿಸ್ಬೇಕಾಯ್ತು, ಬಡ್ಡಿ ಬಿತ್ತು, ಅದೂ ಈ ‘ಇಲ್ಲ’ದ ಖರ್ಚೇ.

ಅವತ್ತು ಸಂಜೆಯೇ ವಾಟ್ಸಾಪ್‌ನಲ್ಲಿ ಸಾರಾಂಶ, ಎರಡು ದಿನಕ್ಕೆ ಲೆಟರ್‌ಹೆಡ್‌ನಲ್ಲಿ ಪತ್ರ. ಪತ್ರದ ಮೊದಲ ಪ್ಯಾರಾನೇ ಹೀಗಿತ್ತು: “ಆರು ಜಿಲ್ಲೆಗಳಿಗೆ ಏಕೈಕ ವಿತರಕರಾಗುವ ನಿಮ್ಮ ಕೋರಿಕೆಯನ್ನು ಒಪ್ಪಲು ನಮಗೆ ಸಾಧ್ಯವಾಗುತ್ತಿಲ್ಲ. ಕೆಳಗೆ ಬರೆದಿರುವ ನಾಲ್ಕು ವಿಷಯಗಳಿಗೆ ನಾವು ಬದ್ಧರು. ಇದರಲ್ಲಿ ಬರೆಯದ ಯಾವುದೇ ಹಕ್ಕನ್ನು ಮಾತಿನಲ್ಲಿ ಕೊಟ್ಟಿರುವುದಿಲ್ಲ.” ಕೊನೇ ವಾಕ್ಯ ಒರಟಾಯ್ತು ಅಂತ ಮೇಡಂ ತೆಗೆಯೋಕೆ ಹೋದ್ರು, ನಾನು ಬಿಡ್ಲಿಲ್ಲ. ಮಾತು ಮುಗಿಸಿ ಎದ್ದಾಗ ಯಾರೋ ಒಬ್ರು ‘ಆಯ್ತು ಬಿಡಿ ನೀವಿರೋವಾಗ ಬೇರೆಯವರು ಯಾಕೆ’ ಅಂದಿರ್ತಾರೆ, ಅದೇ ಆಮೇಲೆ ಅಗ್ರಿಮೆಂಟ್ ಅಂತ ಎದ್ದು ನಿಲ್ಲುತ್ತೆ.

ಆಮೇಲೆ ಎಲ್ಲಾ ಸಲೀಸಾಗಿ ಹೋಯ್ತು ಅಂತಲ್ಲ. ನಾಲ್ಕನೇ ತಿಂಗಳಲ್ಲಿ ಹುಬ್ಬಳ್ಳಿ ದಾಜಿಬಾನ ಪೇಟೆಲಿ ನಮ್ಮ ಪುಡಿ ಇವರ ರೇಟಿಗಿಂತ ಮೂರು ಪರ್ಸೆಂಟ್ ಕಮ್ಮಿಗೆ ಸಿಗೋಕೆ ಶುರುವಾಯ್ತು. ಫೋನಲ್ಲಿ ಬೆಂಕಿ. ಇವರು ಒಂದು ಖಾಲಿ ಬಾಕ್ಸ್ ಫೋಟೋ ಕಳಿಸಿದ್ರು, ಬ್ಯಾಚ್ ನಂಬರ್ ನೋಡಿದ್ರೆ ದಾವಣಗೆರೆಗೆ ಹೋದ ಲಾಟು. ಅಲ್ಲಿ ಆ ತಿಂಗಳು 50 ಬಾಕ್ಸ್ ಮೇಲೆ ಎಕ್ಸ್‌ಟ್ರಾ ಐದು ಪರ್ಸೆಂಟ್ ಸ್ಕೀಮ್ ಹಾಕಿದ್ರು, ಅಲ್ಲಿನವರು ಸ್ಕೀಮಿಗೋಸ್ಕರ ಜಾಸ್ತಿ ಎತ್ತಿ, ಐದರಲ್ಲಿ ಮೂರು ಬಿಟ್ಟುಕೊಟ್ಟು ಹೋಲ್‌ಸೇಲ್‌ಗೆ ತಳ್ಳಿದ್ರು, ಹೋಲ್‌ಸೇಲ್ ಮಾಲಿಗೆ ಜಿಲ್ಲೆ ಗಡಿ ಗೊತ್ತಿರುತ್ತಾ. ಯಾವ ಡಿಸ್ಟ್ರಿಬ್ಯೂಟರ್‌ಗೆ ಯಾವ ಬ್ಯಾಚ್ ಅಂತ ಬರೆದಿಡೋ ಅಭ್ಯಾಸ ಇದ್ದಿದ್ದಕ್ಕೆ ಒಂದೇ ದಿನದಲ್ಲಿ ಗೊತ್ತಾಯ್ತು. ದಾವಣಗೆರೆಯವರನ್ನ ಬೈಯೋದಕ್ಕಿಂತ ಸ್ಲ್ಯಾಬ್ ಸ್ಕೀಮನ್ನೇ ತೆಗೆದು, ಅಂಗಡಿಗೆ ಬಿಲ್ಲಾದ ಲೆಕ್ಕದ ಮೇಲೆ ಸ್ಕೀಮ್ ಕೊಡೋ ಹಾಗೆ ಬದಲಾಯಿಸಿದ್ರು, ಎರಡು ವಾರದಲ್ಲಿ ಆ ಮಾಲು ಒಣಗ್ತು. ನೆನಪಿಡಿ, ಆರು ಜಿಲ್ಲೆ ಸೋಲ್ ಇದ್ದಿದ್ರೂ ಈ ಮಾಲು ಬರ್ತಿತ್ತು, ದಾವಣಗೆರೆ ಆ ಆರರಲ್ಲಿ ಇಲ್ಲವೇ ಇಲ್ಲ.

ಆರನೇ ತಿಂಗಳ ರಿಪೋರ್ಟಲ್ಲಿ ಸೆಕೆಂಡರಿ ಸರಾಸರಿ 5.3 ಲಕ್ಷ, ಅಂಗಡಿ 560. ಎರಡೂ ಮುಟ್ಟಬೇಕು ಅಂತ ಬರೆದಿದ್ವಿ, ಒಂದು ಮುಟ್ಟಿದೆ ಒಂದು ಇಲ್ಲ. ರಕ್ಷಣೆ ತೆಗೀಬೇಕಾ? ಮೇಡಂ ಸುಮ್ಮನೆ ಬಿಟ್ಬಿಡೋಣ ಅಂದ್ರು. ಬಿಡೋದು ಸರಿ, ಸುಮ್ಮನೆ ಬಿಡೋದು ಸರಿಯಲ್ಲ, ಹಾಗೆ ಬಿಟ್ರೆ ಆ ಷರತ್ತೇ ಇಲ್ಲ ಅಂತ ಆಗುತ್ತೆ. ಎರಡು ತಿಂಗಳು ಮುಂದುವರಿಸ್ತಾ ಇದ್ದೀವಿ, 600 ಅನ್ನೋ ಷರತ್ತು ಹಾಗೇ ಇದೆ ಅಂತ ನಾಲ್ಕು ಸಾಲಿನ ಮೇಲ್ ಹಾಕಿದ್ರು. ಎಂಟನೇ ತಿಂಗಳಿಗೆ 610 ಆಯ್ತು, ಅದರಲ್ಲಿ ಮೂವತ್ತು ಅಂಗಡಿ ತಿಂಗಳ ಕೊನೇ ವಾರದಲ್ಲಿ ಒಂದೊಂದೇ ಪ್ಯಾಕೆಟ್ ಬಿಲ್ಲಾಗಿರೋವು, ಹುಡುಗರಿಗೆ ಲೆಕ್ಕ ತುಂಬಿಸೋದು ಹೇಗಂತ ಚೆನ್ನಾಗಿ ಗೊತ್ತು. ಮುಂದಿನ ವರ್ಷದ ಪತ್ರದಲ್ಲಿ ಅದನ್ನ ‘ಮೂರು ತಿಂಗಳಲ್ಲಿ ಕನಿಷ್ಠ ಎರಡು ಸಲ ಬಿಲ್ಲಾದ ಅಂಗಡಿ’ ಅಂತ ಮಾಡಿದ್ರು.

ಗದಗಿನಲ್ಲಿ ಒಬ್ಬ ಪಾರ್ಟಿ ತಾನಾಗೇ ಬಂದು ಕೇಳಿದಾಗ ಮೊದಲು ಕೇಳೋ ಹಕ್ಕಿನ ಪ್ರಕಾರ ಹುಬ್ಬಳ್ಳಿಗೆ ಪತ್ರ ಹೋಯ್ತು. 15 ದಿನ ಮುಗಿಯೋಕೆ ಎರಡು ದಿನ ಇದ್ದಾಗ ಅವರದ್ದೇ ಫೋನು. “ಗದಗ ನನಗ ಬ್ಯಾಡ್ರಿ ಅಕ್ಕಾರ, ಹುಡುಗೂರು ಸಿಗವಲ್ರು. ಯಾರಿಗ್ ಕೊಡ್ತೀರಿ ಕೊಡ್ರಿ, ಆದ್ರ ಅಂವಗ ಬ್ಯಾರೆ ಬ್ಯಾಚ್ ನಂಬರ್ ಹಾಕಿ ಕಳಸ್ರಿ, ಮಾಲ್ ಈ ಕಡೆ ಬಂದ್ರ ಫೋಟೋ ಹೊಡದು ಕಳಸ್ತೀನಿ.”